ರಾತ್ರಿ 2ರ ತನಕ ಓದೂ ಹುಡುಗ್ರಿಗೆ: 20 ದಿನದಾಗ ನಿದ್ದಿ ಹಳಿಗಿ ತರೂದು ಹ್ಯಾಂಗ

ನಿದ್ದಿ ಬಗ್ಗೆ ನಮ್ಮ ಪಿಯು ಹುಡುಗ್ರ ಸಲುವಾಗಿ ಒಂದು ಸಣ್ಣ ವಿಡಿಯೋ ಮಾಡಿದ್ನೆಲ್ರಿ, ಅದನ್ನ ನೋಡಿ ಭಾಳ ಮಂದಿ "ಸರ್ರ, ನೀವು ಲಗೂಲಗೂ ಹೇಳಿ ಮುಗಿಸಿಬಿಟ್ರಿ, ಟೈಮ್ ಎಲ್ಲಾ ಬರದ ಕೊಡ್ರಿ, ರೂಮಿನ್ಯಾಗ ಗ್ವಾಡಿಗಿ ಹಚ್ಚತೀವಿ" ಅಂದ್ರು. ಅದಕ್ಕ ಬರಿಯಾಕತ್ತೀನಿ. ವಿಡಿಯೋದಾಗ ಟೈಮ್ ಸಾಲದ ಬಿಟ್ಟಿದ್ದನ್ನೂ ಇದ್ರಾಗ ಸೇರ್ಸೀನಿ, ಹಿಂಗಾಗಿ ಸ್ವಲ್ಪ ಉದ್ದ ಆಗೈತಿ.

ಎಲ್ಲಾರಿಗೂ ಒಂದ ಮಾತು ಹೇಳಿದ್ರ ಯಾರಿಗೂ ಹತ್ತೂದಿಲ್ಲ, ಅದಕ್ಕ ಒಬ್ಬ ಹುಡುಗನ್ನ ತಗೊಳ್ಳೂಣು. ಊರು ಸಿಂದಗಿ ಕಡೆ, ಸೆಕೆಂಡ್ ಪಿಯು ಸೈನ್ಸ್, ವಿಜಯಪುರದಾಗ ಮೂರು ಮಂದಿ ಕೂಡಿ ರೂಮ್ ಮಾಡ್ಯಾರ. ರಾತ್ರಿ 2ಕ್ಕ ಮಲಗತಾನ, ಮುಂಜಾನಿ 8ಕ್ಕ ಏಳತಾನ, ಮಾರಿ ತೊಳ್ಕೊಂಡು ಓಡತಾನ ಕಾಲೇಜಿಗಿ, ಎರಡನೇ ಪೀರಿಯಡ್ಡಿನ್ಯಾಗ ಜಂಪ ಹತ್ತತೈತಿ, ರವಿವಾರ ಬಂದ್ರ 11ರ ತನಕ ಕೌದಿ ಬಿಟ್ಟು ಏಳಂಗಿಲ್ಲ. ನಿಮ್ಮ ಟೈಮ್ ಅರ್ಧ ತಾಸು ಹಿಂದ ಮುಂದ ಇರಬಹುದು, ಲೆಕ್ಕ ಅದ ಇರತೈತಿ. ಇಂವನ್ನ 20 ದಿನದಾಗ ರಾತ್ರಿ 10:40ಕ್ಕ ಮಲಗಿ ಮುಂಜಾನಿ 6:45ಕ್ಕ ಏಳೂ ಹಂಗ ಮಾಡಬೇಕು. ಪರೀಕ್ಷೆ ಇರೂದು ಮುಂಜಾನಿ 10ಕ್ಕ, ರಾತ್ರಿ 1ಕ್ಕ ಅಲ್ಲ, ಆ ಹೊತ್ತಿಗಿ ತಲಿ ಪೂರ್ತಿ ಎಚ್ಚರ ಇರಬೇಕಲ್ರಿ.

ಮೊದಲ ಮೂರು ರಾತ್ರಿ: ಏನೂ ಬದಲಿ ಮಾಡಬ್ಯಾಡ್ರಿ, ಬರೇ ಬರೀರಿ

"ಸರ್ರ ರಾತ್ರಿ ಎಲ್ಲಾ ಶಾಂತ ಇರತೈತಿ, ಆವಾಗ ಓದಿದ್ದ ತಲಿಗಿ ಹತ್ತತೈತಿ" ಅನ್ನೂದು ನಾ ಕೇಳೂ ಮೊದಲನೇ ಮಾತು. ಇದ್ರಾಗ ಅರ್ಧ ಖರೇನೂ ಐತಿ ನೋಡ್ರಿ. ಹದಿನಾರು ಹದಿನೇಳು ವಯಸ್ಸಿನ್ಯಾಗ ಮೈಯೊಳಗಿನ ಗಡಿಯಾರ ತಾನ ಒಂದೆರಡು ತಾಸು ಹಿಂದ ಸರದಿರತೈತಿ, ರಾತ್ರಿ ನಿದ್ದಿ ತರೂ ಮೆಲಟೋನಿನ್ ದೊಡ್ಡಾವ್ರಿಗಿಂತ ತಡಾ ಆಗಿ ಏರತೈತಿ. ಹಿಂಗಾಗಿ 10ಕ್ಕ ನಿದ್ದಿ ಬರಲಿಲ್ಲಂದ್ರ ಹುಡುಗ ಆಳಸಿ ಅಂತ ಅಲ್ಲ, ಅಪ್ಪಾಜಿ ಅವ್ವ ಅವ್ರೂ ಇದನ್ನ ತಿಳ್ಕೊಂಡ್ರ ಚಲೋ. ಆದ್ರ ಶಾಂತ ಇರೂದು ಬ್ಯಾರೆ, ಕೆಲಸ ಆಗೂದು ಬ್ಯಾರೆ. ಅದನ್ನ ನಾ ಹೇಳಿ ನೀವು ನಂಬೂದ್ಕಿಂತ ನೀವ ಅಳತಿ ಮಾಡಿ ನೋಡ್ರಿ.

ಒಂದು ಹಾಳಿ ತಗೋರಿ. ರಾತ್ರಿ 11ರಿಂದ 2ರ ತನಕ ಅರ್ಧ ಅರ್ಧ ತಾಸಿಗೊಂದು ಗೆರಿ ಹೊಡೀರಿ. ಪ್ರತಿ ಅರ್ಧ ತಾಸಿಗಿ ಮೂರು ಬರೀರಿ: ಎಷ್ಟು ಲೆಕ್ಕ ಬಿಡಿಸಿದ್ರಿ ಇಲ್ಲಾ ಎಷ್ಟು ಪುಟ ಮುಗಿಸಿದ್ರಿ, ಎಷ್ಟು ತಪ್ಪಿದ್ವು, ಫೋನ್ ಎಷ್ಟು ಸಲ ಕೈಯಾಗ ಬಂತು. ತಪ್ಪು ಎಷ್ಟಂತ ಆವಾಗ ನೋಡಬ್ಯಾಡ್ರಿ, ಮರುದಿನ ಮಧ್ಯಾಹ್ನ ನೋಡ್ರಿ. ಅದ ರಾತ್ರಿ ನೋಡಿದ್ರ ಎಲ್ಲಾ ಸರಿನ ಕಾಣತಾವ.

ನಮ್ಮ ಸಿಂದಗಿ ಹುಡುಗನ ಹಾಳಿ ಹಿಂಗ ಬರತೈತಿ ಅಂತ ತಿಳೀರಿ. ಫಿಸಿಕ್ಸ್ ಲೆಕ್ಕ, 11ರಿಂದ 12ರ ತನಕ ಏಳು ಬಿಡಿಸ್ಯಾನ, ಒಂದು ತಪ್ಪು. 12ರಿಂದ 1ರ ತನಕ ಐದು, ಎರಡು ತಪ್ಪು, ನಡುವ ಚಹಾ ಮಾಡಾಕ ಅಂತ ಎದ್ದು ಮೂವ್ರೂ ಕೂಡಿ ಹರಟಿ ಹೊಡದು ಇಪ್ಪತ್ತು ನಿಮಿಷ ಹೋಗೈತಿ. 1ರಿಂದ 2ರ ತನಕ ಎರಡು ಲೆಕ್ಕ, ಎರಡೂ ತಪ್ಪು, ಮೈನಸ್ ಚಿಹ್ನೆ ಬಿಟ್ಟಾನ, ಯೂನಿಟ್ ಬದಲಿ ಮಾಡಿಲ್ಲ, ಉಳದ ಟೈಮ್ ಫೋನಿನ್ಯಾಗ. ಅಂದ್ರ ಕಡೀ ತಾಸಿನ್ಯಾಗ ಅಂವಾ ಕಳಕೊಂಡಿದ್ದು ನಿದ್ದಿ, ಗಳಸಿದ್ದು ಸೊನ್ನಿ. ನಿಮ್ಮ ಹಾಳ್ಯಾಗ ಕಡೀ ತಾಸೂ ಮೊದಲನೇ ತಾಸಿನಷ್ಟ ಚಲೋ ಬಂದ್ರ ಮುಂದಿಂದನ್ನ ಓದೂದ ಬ್ಯಾಡ. ಆದ್ರ ಈ ಹಾಳಿ ಬರದ ಹುಡುಗ್ರೊಳಗ ಹಂಗ ಬಂದಿದ್ದು ನಾ ಅಂತೂ ಇನ್ನೂ ನೋಡಿಲ್ಲ.

ನಿದ್ದಿ ಕಡಿಮಿ ಆದ್ರ ಓದಿದ್ದಕ್ಕ ಏನಾಗತೈತಿ

ಹಗಲಿಗಿ ಓದಿದ್ದು ಮೊದಲಿಗಿ ಮಿದುಳಿನ ಹಿಪೋಕ್ಯಾಂಪಸ್ ಅನ್ನೂ ಭಾಗದಾಗ ತಾತ್ಪೂರ್ತಿಕ ಇರತೈತಿ, ಆಳ ನಿದ್ದಿ ಹತ್ತಿದಾಗ ಅದು ಮ್ಯಾಲಿನ ಪದರಕ್ಕ ಹೋಗಿ ಗಟ್ಟಿ ಆಗತೈತಿ. ಬಸ್ಸಿನ್ಯಾಗಿಂದ ಇಳಿಸಿದ ಸಾಮಾನು ಮನಿ ಮುಟ್ಟೂ ತನಕ ಸ್ಟ್ಯಾಂಡಿನ್ಯಾಗ ಇಟ್ಟಂಗ ಅದು, ಅಲ್ಲೇ ಬಿಟ್ರ ನಿಮ್ಮದಾಗೂದಿಲ್ಲ. ಇದೇನು ಹೊಸ ಮಾತಲ್ರಿ. 1924ರಾಗ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಜೆಂಕಿನ್ಸ್ ಮತ್ತ ಡಾಲೆನ್‌ಬಾಕ್ ಅನ್ನಾವ್ರು ಇಬ್ಬರು ವಿದ್ಯಾರ್ಥಿಗಳಿಗಿ ಅರ್ಥ ಇಲ್ಲದ ಅಕ್ಷರ ಬಾಯಿಪಾಠ ಮಾಡ್ಸಿ ಪರೀಕ್ಷೆ ಮಾಡಿದ್ರು. ಎಂಟು ತಾಸು ನಿದ್ದಿ ಮಾಡಿ ಎದ್ದು ಹೇಳಿದಾಗ ಅರ್ಧಕ್ಕಿಂತ ಜಾಸ್ತಿ ನೆನಪಿದ್ವು, ಎಂಟು ತಾಸು ಎಚ್ಚರ ಇದ್ದು ಹೇಳಿದಾಗ ಹತ್ರಾಗ ಒಂದು ಉಳದಿದ್ರ ಹೆಚ್ಚು. ಪರೀಕ್ಷೆಗಿ ಕುಂತಾವ್ರು ಇಬ್ಬರ ಇದ್ರು ಖರೆ, ಆದ್ರ ಆಮ್ಯಾಲ ಬ್ಯಾರೆ ಬ್ಯಾರೆ ಕಡೆ ದೊಡ್ಡ ಪ್ರಮಾಣದಾಗ ಮಾಡಿದಾಗೂ ದಾರಿ ಅದ ಕಂಡೈತಿ.

ಇನ್ನೊಂದು ಮಾತು: "ನನಗ ಐದಾರು ತಾಸು ಸಾಕ್ರಿ, ರೂಢಿ ಆಗೈತಿ." ಇದು ಎಲ್ಲಾಕ್ಕಿಂತ ಮೋಸದ ಮಾತು. 2003ರಾಗ ಪೆನ್ಸಿಲ್ವೇನಿಯಾ ಯೂನಿವರ್ಸಿಟಿದಾಗ ವ್ಯಾನ್ ಡಾಂಗೆನ್ ಮತ್ತ ಅವ್ರ ಜೊತಿಯಾವ್ರು ಮಂದಿನ್ನ 14 ದಿನ ರಾತ್ರಿ ಆರ ತಾಸ ಮಲಗ್ಸಿ ದಿನಾ ಲಕ್ಷ್ಯ ಎಷ್ಟೈತಿ ಅಂತ ಅಳದ್ರು. ದಿನಾ ಕಡಿಮಿ ಆಗಕೋತ ಹೋತು, ಕಡೀಗಿ ರಾತ್ರಿ ಪೂರ್ತಿ ನಿದ್ದಿ ಬಿಟ್ಟಾವ್ರ ಮಟ್ಟಕ್ಕ ಬಂತು. ಆದ್ರ "ನಿದ್ದಿ ಬಂದಂಗ ಆಗತೈತೇನ್ರಿ" ಅಂತ ಕೇಳಿದ್ರ ಮೊದಲ ಕೆಲವು ದಿನ ಬಿಟ್ರ ಆಮ್ಯಾಲ "ಏನ್ ಅಷ್ಟಿಲ್ಲ" ಅನ್ನಾಕತ್ತಿದ್ರು. ಅಂದ್ರ ರೂಢಿ ಆಗೂದು ದಣಿವು ಗೊತ್ತಾಗದಂಗ ಇರೂದಕ್ಕ, ತಲಿ ಕೆಲಸಾ ಮಾಡೂದಕ್ಕ ಅಲ್ಲ. 13ರಿಂದ 18 ವಯಸ್ಸಿನಾವ್ರಿಗಿ ಬೇಕಾಗೂದು 8ರಿಂದ 10 ತಾಸು, 18 ದಾಟಿದ್ರ 7ಕ್ಕಿಂತ ಕಡಿಮಿ ಇರಬಾರದು.

ಈಗ ಟೈಮ್ ಸರಸೂದು

ಎಲ್ಲಾರೂ ತಪ್ಪೂದು ಇಲ್ಲೇ. ಒಂದು ದಿನ ಹುಮ್ಮಸ್ಸು ಬಂದು "ಇವತ್ತಿಂದ 10ಕ್ಕ ಮಲಗತೀನಿ" ಅಂತ ಲೈಟ್ ಆರಿಸಿ ಮಲಗತಾರ, 1ರ ತನಕ ಹೊಳ್ಳಾಡತಾರ, ಮರುದಿನ "ನನಗ ಇದು ಆಗಿಬರಂಗಿಲ್ಲ" ಅಂತ ಬಿಟ್ಟಬಿಡತಾರ. ಮೈಯೊಳಗಿನ ಗಡಿಯಾರ ಒಂದ ರಾತ್ರ್ಯಾಗ ಮೂರು ತಾಸು ತಿರಗೂದಿಲ್ಲ, ಹಗೂರ್ಕ ತಿರಗತೈತಿ.

ಹಿಂಗ ಮಾಡ್ರಿ. ಮಲಗೂ ಟೈಮ್ ಎರಡು ದಿನಕ್ಕೊಮ್ಮೆ 20 ನಿಮಿಷ ಮುಂಚೆ ಮಾಡ್ರಿ. ಏಳೂ ಟೈಮ್ ನಾಕು ದಿನಕ್ಕೊಮ್ಮೆ 15 ನಿಮಿಷ ಮುಂಚೆ ಮಾಡ್ರಿ. ಹುಡುಗಂದು 2ರಿಂದ ಶುರು ಆದ್ರ ಮೊದಲೆರಡು ದಿನ 1:40, ಆಮ್ಯಾಲೆರಡು ದಿನ 1:20, ಆಮ್ಯಾಲ 1 ಗಂಟೆ, ಹಿಂಗ ಹತ್ತನೇ ದಿನಕ್ಕ 12:20 ಆಗತೈತಿ. ಅಷ್ಟೊತ್ತಿಗಿ ಏಳೂದು 8ರಿಂದ ಹೆಚ್ಚು ಕಡಿಮಿ 7:30ಕ್ಕ ಬಂದಿರತೈತಿ. ಲೆಕ್ಕಾ ಹಾಕ್ರಿ, ಮೊದಲ ಆರು ತಾಸು ಇದ್ದ ನಿದ್ದಿ ಅರ್ಧ ದಾರ್ಯಾಗ ಏಳು ತಾಸು ದಾಟೈತಿ. ಇಪ್ಪತ್ತನೇ ದಿನಕ್ಕ ಮಲಗೂದು 10:40, ಏಳೂದು 6:45, ನಿದ್ದಿ ಎಂಟು ತಾಸು. ಮಲಗೂದನ್ನ ಲಗೂ ಸರಸೂದು, ಏಳೂದನ್ನ ಹಗೂರ್ಕ ಸರಸೂದು ಯಾಕಂದ್ರ ಮೊದಲಿಗಿ ನಿದ್ದಿ ಸಾಲ ತೀರಬೇಕು, ಎರಡನ್ನೂ ಕೂಡೇ ಎಳದ್ರ ನಡುವ ಒಂದು ವಾರ ತಲಿನೋವು, ಸಿಟ್ಟು ಎಲ್ಲಾ ಬರತಾವ.

ಎದ್ದ ಕೂಡಲೆ ಒಂದು ಕೆಲಸಾ ಖಾಯಂ: ಮಾಳಿಗಿ ಮ್ಯಾಲ ಹೋಗಿ ಹದಿನೈದಿಪ್ಪತ್ತು ನಿಮಿಷ ಬೆಳಕಿನ್ಯಾಗ ಅಡ್ಡಾಡ್ರಿ, ಹಲ್ಲ ಅಲ್ಲೇ ತಿಕ್ಕ್ರಿ, ಫಾರ್ಮುಲಾ ಬಾಯಿಪಾಠ ಮಾಡೂದಿದ್ರ ಅಲ್ಲೇ ಮಾಡ್ರಿ. ಗಡಿಯಾರ ತಿರಗಸೂದು ಅಲಾರಂ ಅಲ್ಲ, ಮುಂಜಾನಿ ಬೆಳಕು. ಕಿಡಕಿ ಹಾಕ್ಕೊಂಡು ಟ್ಯೂಬ್‌ಲೈಟ್ ಕೆಳಗ ಕುಂತ್ರ ಆ ಕೆಲಸಾ ಆಗೂದಿಲ್ಲ, ಹೊರಗಿನ ಬೆಳಕಿನ ಮುಂದ ರೂಮಿನ ಲೈಟ್ ಏನೇನೂ ಅಲ್ಲ.

ರವಿವಾರದ್ದು ಹೇಳಬೇಕು. 11ರ ತನಕ ಮಲಗಿದ್ರ ಆ ವಾರ ಸರಸಿದ್ದೆಲ್ಲಾ ಹೊಳ್ಳಿ ಹಿಂದ ಹೋಗತೈತಿ, ರವಿವಾರ ರಾತ್ರಿ ನಿದ್ದಿ ಹತ್ತಂಗಿಲ್ಲ, ಸೋಮವಾರ ಮತ್ತ ಅದ ಹಾಡು. ರವಿವಾರ ಬೇಕಾದ್ರ ಒಂದು ತಾಸು ಹೆಚ್ಚಿಗಿ ಮಲಗ್ರಿ, ಅದಕ್ಕಿಂತ ಹೆಚ್ಚು ಬ್ಯಾಡ.

ಮತ್ತ ಬ್ರಾಹ್ಮಿ ಮುಹೂರ್ತ. "ನಸಿಕ್ಲೆ 3ಕ್ಕ ಎದ್ದು ಓದು, ಬ್ರಾಹ್ಮಿ ಮುಹೂರ್ತದಾಗ ಓದಿದ್ದು ಮರೀಯಂಗಿಲ್ಲ" ಅಂತ ಊರಾಗ ಮುತ್ಯಾ ಹೇಳಿರತಾನ. ಮುತ್ಯಾನ ಮಾತಿಗಿ ನಾ ಎದುರಾಡೂದಿಲ್ಲ, ಆದ್ರ ಲೆಕ್ಕ ನೋಡ್ರಿ, ಬ್ರಾಹ್ಮಿ ಮುಹೂರ್ತ ಶುರು ಆಗೂದು ಸೂರ್ಯ ಹುಟ್ಟೂಕಿಂತ 96 ನಿಮಿಷ ಮೊದಲ. ಮಾರ್ಚ್ ಶುರುವಿನ್ಯಾಗ ನಮ್ಮ ವಿಜಯಪುರದಾಗ ಸೂರ್ಯ ಹುಟ್ಟೂದು 6:45ರ ಆಜುಬಾಜು, ಅಂದ್ರ ಮುಹೂರ್ತ 5:10ಕ್ಕ. 3 ಗಂಟೆ ಯಾವ ಲೆಕ್ಕದಾಗೂ ಬರೂದಿಲ್ಲ. ಮುತ್ಯಾ 8ಕ್ಕ ರೊಟ್ಟಿ ಉಂಡು 8:30ಕ್ಕ ಮಲಗತಿದ್ದ, ಅಂವಂಗ ನಿದ್ದಿ ಪೂರಾ ಆಗಿರತಿತ್ತು. ನೀವೂ 9ಕ್ಕ ಮಲಗಿ 5:10ಕ್ಕ ಏಳತೀರೇನು, ಖುಷಿಲೆ ಏಳ್ರಿ. 1ಕ್ಕ ಮಲಗಿ ನಸಿಕ್ಲೆ ಎದ್ರ ಮಾತ್ರ ಬೆಳಗಿನ ಕಡೀ ನಿದ್ದಿ ಕತ್ತರಿಸಿ ಹೋಗತೈತಿ, ಕನಸು ಬೀಳೂ ನಿದ್ದಿ ಜಾಸ್ತಿ ಇರೂದು ಅಲ್ಲೇ.

ಚಹಾದ ಲೆಕ್ಕ

ನಮ್ಮ ಕಡೆ ಚಹಾ ಬಿಡ್ರಿ ಅಂತ ಹೇಳಾಕ ಹೋದ್ರ ನನ್ನ ರೂಮಿನ್ಯಾಗಿಂದ ಹೊರಗ ಹಾಕತಾರ, ಅದಕ್ಕ ಬಿಡ್ರಿ ಅನ್ನೂದಿಲ್ಲ, ಟೈಮ್ ಬದಲಿ ಮಾಡ್ರಿ ಅಂತೀನಿ. ಎಚ್ಚರ ಇದ್ದಷ್ಟು ಹೊತ್ತು ಮಿದುಳಿನ್ಯಾಗ ಅಡಿನೊಸಿನ್ ಅನ್ನೂದು ಕೂಡಕೋತ ಹೋಗತೈತಿ, ಅದ ನಮಗ ನಿದ್ದಿ ಭಾರ ತರೂದು. ಚಹಾದಾಗಿನ ಕೆಫೀನ್ ಅದನ್ನ ತಗದು ಹಾಕೂದಿಲ್ಲ, ಅದು ಕೂಡೂ ಜಾಗಾದಾಗ ತಾ ಹೋಗಿ ಕುಂದ್ರತೈತಿ. ದಣಿವು ಅಲ್ಲೇ ಇರತೈತಿ, ನಿಮಗ ಗೊತ್ತಾಗೂದಿಲ್ಲ ಅಷ್ಟ.

ಕುಡದ ಕೆಫೀನ್ ಅರ್ಧ ಆಗಾಕ ಸುಮಾರು ಐದು ತಾಸು ಬೇಕು. ಹುಡುಗ ರಾತ್ರಿ 9ಕ್ಕೊಂದು, 11ಕ್ಕೊಂದು, 12:30ಕ್ಕೊಂದು ಕಪ್ ಕುಡಿತಾನ. 2ಕ್ಕ ಹಾಸಿಗಿಗಿ ಹೋಗೂ ಮುಂದ ಮೊದಲನೇದ್ರಾಗ ಅರ್ಧ ಕಪ್ಪಿನಷ್ಟು ಇನ್ನೂ ಮೈಯಾಗ ಉಳದಿರತೈತಿ, ಎರಡನೇದ್ರಾಗ ಮುಕ್ಕಾಲಕ್ಕ ಸ್ವಲ್ಪ ಕಡಿಮಿ, ಮೂರನೇದ್ರಾಗ ಮುಕ್ಕಾಲಕ್ಕ ಜಾಸ್ತಿ. ಕೂಡ್ಸಿದ್ರ ಹತ್ರಹತ್ರ ಎರಡು ಕಪ್. ಎರಡು ಕಪ್ ಕಡಕ್ ಚಹಾ ಕುಡದ ಮಲಗಿದಂಗ ಆತಲ್ಲ. "ನನಗ ಚಹಾ ಕುಡದ್ರೂ ನಿದ್ದಿ ಹತ್ತತೈತಿ" ಅನ್ನಾವ್ರು ಅದಾರ, ದಣದಿರತಾರ, ಹತ್ತತೈತಿ, ಆದ್ರ ಆಳ ನಿದ್ದಿ ಕಡಿಮಿ ಆಗಿರತೈತಿ, ಅದು ಮಲಗಿದಾವ್ರಿಗಿ ತಿಳೀಯಂಗಿಲ್ಲ.

ಬದಲಿ ಇಷ್ಟ: ಕಡೀ ಚಹಾ ಸಂಜಿ 4ರ ಒಳಗ. ಮೊದಲ ವಾರ ಅಷ್ಟು ಆಗಲಿಲ್ಲಂದ್ರ 12:30ದ್ದನ್ನ ಮೊದಲ ಬಿಡ್ರಿ, ಆಮ್ಯಾಲ 11ದ್ದು, ಆಮ್ಯಾಲ 9ದ್ದು. ರೂಮಿನ್ಯಾಗ ಎಲ್ಲಾರೂ ಚಹಾಕ್ಕ ಏಳೂ ಮುಂದ ನೀವೊಬ್ಬಾವ್ರ ಕುಂದ್ರೂದು ಆಗೂದಿಲ್ಲ, ಗೊತ್ತೈತಿ, ನೀವು ಮಜ್ಜಿಗಿ ಇಲ್ಲಾ ಬಿಸಿ ಹಾಲು ತಗೋರಿ. ಕೋಲ್ಡ್ರಿಂಕ್ಸ್, ಎನರ್ಜಿ ಡ್ರಿಂಕ್ ಬಾಟಲಿ ಇದಾವಲ್ಲ, ಅವೂ ಚಹಾದ ಲೆಕ್ಕಕ್ಕ ಬರತಾವ. ಎರಡ್ಮೂರು ದಿನ ತಲಿನೋವು ಬರಬಹುದು, ಅದು ಚಹಾ ಬಿಟ್ಟಿದ್ದಕ್ಕ, ತಾನ ಹೋಗತೈತಿ.

ಹೋದ ತಾಸು ಎಲ್ಲಿಂದ ತರೂದು

ಖರೇ ಲೆಕ್ಕ ಹೇಳತೀನಿ. ರಾತ್ರಿ ಮೂರು ತಾಸು ಇಪ್ಪತ್ತು ನಿಮಿಷ ಹೋತು, ಮುಂಜಾನಿ ಒಂದೂಕಾಲು ತಾಸು ಬಂತು. ಎರಡು ತಾಸು ಕೈಬಿಟ್ಟಂಗ ಕಾಣತೈತಿ. ಆದ್ರ ಮೊದಲನೇ ಹಾಳಿ ನೆನಪ್ ಮಾಡ್ಕೋರಿ, ಆ ಮೂರು ತಾಸಿನ್ಯಾಗ ಸರಿಯಾಗಿ ಆಗಿದ್ದು ಒಂಬತ್ತು ಲೆಕ್ಕ, ಅದ್ರಾಗ ಆರು ಮೊದಲನೇ ತಾಸಿನ್ಯಾಗ. ಆ ಮೊದಲನೇ ತಾಸಿನಂಥಾ ಒಂದು ತಾಸು ಮುಂಜಾನಿ 7ರಿಂದ 8ರ ತನಕ ಕುಂದ್ರಿದ್ರ ಅಷ್ಟು ಅಲ್ಲೇ ಬರತೈತಿ. ಉಳದದ್ದು ಸಂಜಿ 5:30ರಿಂದ 7ರ ತನಕ ತಗೋರಿ. ಆ ಹೊತ್ತು ನಮ್ಮ ಹುಡುಗ್ರು ಮಿರ್ಚಿ ಭಜಿ, ಗಿರ್ಮಿಟ್ ಅಂತ ಚೌಕದಾಗ ನಿಂತಿರತಾರ, ಅರ್ಧ ತಾಸು ನಿಲ್ಲ್ರಿ, ಒಂದೂವರಿ ತಾಸು ಯಾಕ ಬೇಕು.

ಓದೂದ್ರಾಗೂ ಜಾಗಾ ಬದಲಿ ಮಾಡಬೇಕು. ಹೊಸಾ ಪಾಠ, ಗಣಿತ, ಫಿಸಿಕ್ಸ್ ಲೆಕ್ಕ ಇವು ಸಂಜಿ ಮತ್ತ ಮುಂಜಾನಿ. ರಾತ್ರಿ ಕಡೀ ಅರ್ಧ ತಾಸಿನ್ಯಾಗ ಹೊಸಾದು ಏನೂ ಬ್ಯಾಡ. ಪುಸ್ತಕ ಮುಚ್ಚಿ, ಖಾಲಿ ಹಾಳಿ ತಗೊಂಡು ಇವತ್ತು ಓದಿದ್ದು ಏನೇನು ನೆನಪೈತಿ ಅಷ್ಟ ಬರೀರಿ. ಬಯಾಲಜಿದಾಗ ಹೃದಯದ ಚಿತ್ರ ಓದಿದ್ರ, ನೋಡದ ತಗೀರಿ, ಕವಾಟದ ಹೆಸರು ಬರೀರಿ, ಆಮ್ಯಾಲ ಪುಸ್ತಕ ತಗದು ಬಿಟ್ಟಿದ್ದಕ್ಕ ಕೆಂಪು ಪೆನ್ನಿನ್ಯಾಗ ಗುರ್ತ ಹಾಕ್ರಿ. ಆ ಕೆಂಪು ಗುರ್ತಿಂದ ಮುಂಜಾನಿ ಶುರು ಮಾಡ್ರಿ. ಅದ ಪುಟ ನಾಕು ಸಲ ಓದೂಕಿಂತ ಒಂದು ಸಲ ನೆನಪಿಂದ ಬರಿಯೂದು ಹೆಚ್ಚು ದಿನ ಉಳೀತೈತಿ, ಇದು ಪರೀಕ್ಷೆ ಮಾಡಿ ನೋಡಿದ ಮಾತು.

ಮಧ್ಯಾಹ್ನ ಕಣ್ಣ ಎಳದ್ರ 20 ನಿಮಿಷ ಅಲಾರಂ ಇಟ್ಟು ಮಲಗ್ರಿ, 3ರ ಒಳಗ. ಒಂದು ತಾಸು ಮಲಗಿದ್ರ ಆಳ ನಿದ್ದ್ಯಾಗ ಹೋಗಿ ಎದ್ದಾಗ ತಲಿ ಗಿಮ್ಮ ಅನ್ನತೈತಿ, ರಾತ್ರಿ ನಿದ್ದೀನೂ ಹೋಗತೈತಿ.

ಫೋನ್, ಧಗಿ, ಜೊತಿಗಾರ್ರು

ಫೋನಿನ ನೀಲಿ ಬೆಳಕು ಕೆಟ್ಟದ್ದು ಅಂತ ಎಲ್ಲಾರೂ ಹೇಳತಾರ, ಬ್ರೈಟ್‌ನೆಸ್ ಕಡಿಮಿ ಮಾಡಿ ಹಳದಿ ಮಾಡ್ಕೊಂಡು ರೀಲ್ಸ್ ನೋಡತಾರ. ಬೆಳಕಿಗಿಂತ ದೊಡ್ಡ ತ್ರಾಸ ಏನಂದ್ರ ರೀಲ್ಸ್ ಮುಗಿಯೂದ ಇಲ್ಲ. ಫೋನ್ ಕೈಗಿ ಸಿಗದಂಗ ಚಾರ್ಜಿಗಿ ಹಚ್ಚ್ರಿ, ಎದ್ದು ನಾಕು ಹೆಜ್ಜಿ ನಡದ್ರ ಸಿಗೂ ಹಂಗ. ಅಲಾರಂ ಬಂದ್ ಮಾಡಾಕೂ ಎದ್ದ ಹೋಗಬೇಕಾಗತೈತಿ, ಎರಡೂ ಕೆಲಸಾ ಆದ್ವು.

ಮಾರ್ಚ್ ಏಪ್ರಿಲ್‌ದಾಗ ನಮ್ಮ ಕಡೆ ಧಗಿ ಇರತೈತಲ್ರಿ, ನಿದ್ದಿ ಹತ್ತಬೇಕಂದ್ರ ಮೈಯೊಳಗಿನ ಕಾವು ಸ್ವಲ್ಪ ಇಳೀಬೇಕು, ಸ್ಲ್ಯಾಬಿನ ರೂಮು ರಾತ್ರಿ 11ಕ್ಕೂ ಝಳಾ ಬಿಡತಿರತೈತಿ. ಮಲಗೂ ಒಂದು ತಾಸು ಮೊದಲ ಹತ್ತು ನಿಮಿಷ ಬೆಚ್ಚಗಿನ ನೀರ ಜಳಕಾ ಮಾಡ್ರಿ. ಬಿಸಿ ಮಾಡೂದೂ ಬ್ಯಾಡ, ಬ್ಯಾಸಿಗ್ಯಾಗ ಟಾಕಿ ನೀರು ಸಂಜಿಮುಂದ ತಾನ ಬೆಚ್ಚಗಿರತೈತಿ. ಚರ್ಮಕ್ಕ ರಕ್ತ ಓಡಿ ಬಂದು ಒಳಗಿನ ಕಾವು ಹೊರಗ ಹೋಗತೈತಿ. ಮಾಳಿಗಿ ಮ್ಯಾಲ ಸೊಳ್ಳಿಪರದೆ ಕಟ್ಟಿ ಮಲಗೂ ಅನುಕೂಲ ಇದ್ರ ಅದರಂಥಾದ್ದು ಇಲ್ಲ.

ಜೊತಿಗಾರ್ರು 2ರ ತನಕ ಲೈಟ್ ಹಚ್ಚಿ ಕುಂದ್ರತಾರ ಅನ್ನೂದು ಖರೇ ತೊಂದ್ರಿ. "ಲೇ, 11 ಆತಂದ್ರ ಟ್ಯೂಬ್ ಬಂದ್ ಮಾಡೂಣು, ನೀವು ಟೇಬಲ್ ಲ್ಯಾಂಪ್ ಹಚ್ಕೋರಿ" ಅಂತ ಮೊದಲನೇ ದಿನಾನ ಮಾತಾಡ್ರಿ. ಕೇಳಲಿಲ್ಲಂದ್ರ ಕಣ್ಣಿಗಿ ಒಂದು ಟವಲ್ ಕಟ್ಕೋರಿ, ಕಿವಿಗಿ ಹತ್ತಿ.

ಎಲ್ಲಿ ಕೆಡತೈತಿ, ಹ್ಯಾಂಗ ಗೊತ್ತಾಗತೈತಿ

ಮಲಗಿ 20 ನಿಮಿಷ ಆದ್ರೂ ನಿದ್ದಿ ಹತ್ತಲಿಲ್ಲ ಅನಸಿದ್ರ ಹಾಸಿಗ್ಯಾಗ ಹೊಳ್ಳಾಡಬ್ಯಾಡ್ರಿ, ಗಡಿಯಾರ ನೋಡಬ್ಯಾಡ್ರಿ, ಎದ್ದು ಸಣ್ಣ ಬೆಳಕಿನ್ಯಾಗ ಏನರ ಬ್ಯಾಸರಿಕಿದು ಓದ್ರಿ, ಕಣ್ಣ ಕೂರಾಕತ್ತಿದ ಮ್ಯಾಲ ಹೊಳ್ಳಿ ಮಲಗ್ರಿ. ಎರಡು ರಾತ್ರಿ ಹಿಂಗಾದ್ರ ನೀವು ಲಗೂ ಸರಸೀರಿ ಅಂತ ಅರ್ಥ, ಹಿಂದಿನ ಟೈಮಿಗಿ ಹೋಗಿ ಎರಡು ದಿನ ನಿಂತು ಮತ್ತ ಮುಂದ ಹೋಗ್ರಿ. ಏಳೂ ಟೈಮ್ ಮಾತ್ರ ಬದಲಿ ಮಾಡಬ್ಯಾಡ್ರಿ, ರಾತ್ರಿ ಎಷ್ಟ ಕೆಟ್ಟರೂ. ನಡುವ ಜಾತ್ರಿ, ಮದುವಿ ಬಂದು ಒಂದು ರಾತ್ರಿ ತಪ್ಪಿದ್ರ ಮೊದಲಿಂದ ಶುರು ಮಾಡೂದು ಬ್ಯಾಡ, ನಿಂತಲ್ಲಿಂದ ನಡೀರಿ.

ಸರಿ ಆಗೈತಿ ಅನ್ನೂದಕ್ಕ ಗುರ್ತು: ಅಲಾರಂ ಹೊಡಿಯೂಕಿಂತ ಐದ್ಹತ್ತು ನಿಮಿಷ ಮೊದಲ ತಾನ ಎಚ್ಚರ ಆಗೂದು, ಮತ್ತ ಎರಡನೇ ಪೀರಿಯಡ್ಡಿನ್ಯಾಗ ತೂಕಡಿಕಿ ಬರದ ಇರೂದು.

ಪರೀಕ್ಷೆ ಹಿಂದಿನ ರಾತ್ರಿ ಸಿಲೆಬಸ್ ಎಷ್ಟ ಉಳದಿರಲಿ, ಆರು ತಾಸಿಗಿಂತ ಕೆಳಗ ಹೋಗಬ್ಯಾಡ್ರಿ. ಒಂದು ಯೂನಿಟ್ ಉಳೀತಂದ್ರ ಆ ಯೂನಿಟ್ ಅಂಕ ಅಷ್ಟ ಹೋಗತಾವ, ನಿದ್ದಿ ಬಿಟ್ರ ಬರೂ ಲೆಕ್ಕದಾಗೂ ಮೈನಸ್ ಚಿಹ್ನೆ ಹೋಗತಾವ. ಅವತ್ತು ಟೆನ್ಶನ್‌ದಾಗ ನಿದ್ದಿ ಸ್ವಲ್ಪ ಕಡಿಮಿ ಆದ್ರೂ ಅಂಜಬ್ಯಾಡ್ರಿ, ಹಿಂದಿನ ವಾರದ ನಿದ್ದಿ ಚಲೋ ಇದ್ರ ಒಂದು ರಾತ್ರಿ ನಡೀತೈತಿ. ನಿದ್ದಿ ಗುಳಿಗಿ ಮಾತ್ರ ಯಾರೋ ಕೊಟ್ರಂತ ತಗೋಬ್ಯಾಡ್ರಿ, ಮುಂಜಾನಿ 10ಕ್ಕೂ ಅದ್ರ ಮಬ್ಬು ಇಳದಿರಂಗಿಲ್ಲ.

ಇಷ್ಟೆಲ್ಲಾ ಮಾಡಿ ಎಂಟು ತಾಸು ಮಲಗಿದ ಮ್ಯಾಲೂ ದಿನಾ ಹಗಲೆಲ್ಲಾ ಕಣ್ಣ ಮುಚ್ಚಿಮುಚ್ಚಿ ಬರೂದು, ನಿದ್ದ್ಯಾಗ ಜೋರ ಗೊರಕಿ ಹೊಡದು ಉಸಿರು ಕಟ್ಟಿದಂಗ ಆಗೂದು, ಇಲ್ಲಾ ವಾರಗಟ್ಟಲೆ ನಿದ್ದಿನ ಬರದ ಮನಸಿಗಿ ಭಾರ ಆಗೂದು ಇದ್ರ ಅದು ಟೈಮ್‌ಟೇಬಲ್‌ದಿಂದ ಹೋಗೂ ತ್ರಾಸ ಅಲ್ಲ. ಮನ್ಯಾಗ ಹೇಳಿ ಡಾಕ್ಟರ್ ಕಡೆ ಹೋಗ್ರಿ, ಹೋಗೂ ಮುಂದ ಆ ಬರದಿಟ್ಟ ಹಾಳಿ ಒಯ್ಯಿರಿ, ಅವ್ರು ಮೊದಲ ಕೇಳೂದ "ಎಷ್ಟಕ್ಕ ಮಲಗತಿ, ಎಷ್ಟಕ್ಕ ಏಳತಿ" ಅಂತ.